ಪಿಕಪ್ ಮಾಲೀಕರ ಗಮನಕ್ಕೆ
ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಮೀನು ಹೇರಿಕೊಂಡು ಶಿರಸಿಗೆ ಹೊರಟಾಗ ದಾರಿಯಲ್ಲಿ ಪರಿಚಯದವರು ಕೈ ಮಾಡುತ್ತಾರೆ. ಬೇಡ ಅನ್ನೋದು ಕಷ್ಟ, ಅಲ್ವಾ? ಆದರೆ ದೇವಿಮನೆ ಘಾಟಿಯಲ್ಲಿ ಗಾಡಿ ಪಲ್ಟಿಯಾದರೆ, ಹಾಗೆ ಹತ್ತಿದವರ ಪರಿಹಾರ ನಮ್ಮ ತಲೆಗೇ ಬರುತ್ತದೆ. ಸರಕು ಗಾಡಿಯ ಥರ್ಡ್ ಪಾರ್ಟಿ ವಿಮೆಯಲ್ಲಿ ಅವರು ಬರುವುದಿಲ್ಲ. 2003ರಲ್ಲೇ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಬುಟ್ಟಿಯ ಜೊತೆ ಬರುವ ಮೀನಿನ ಒಡತಿಗೆ ರಕ್ಷಣೆ ಇದೆ, ಆದರೆ ಅವರು ಕ್ಯಾಬಿನ್‌ನಲ್ಲೇ ಕೂರಬೇಕು. ಆರ್‌ಸಿಯಲ್ಲಿ ಬರೆದ ಸೀಟಿಗಿಂತ ಜಾಸ್ತಿ ಜನ ಬೇಡ. ಮೀನಿನ ಬಿಲ್ ಜೊತೆಗಿರಲಿ, ಸರಕು ಅವರದ್ದೇ ಅನ್ನಲು ಅದೇ ಸಾಕ್ಷಿ.

ಇನ್ನೊಂದು ಮಾತು. ಮಾಲೀಕರೇ ಓಡಿಸುವಾಗಿನ 15 ಲಕ್ಷದ ಅಪಘಾತ ವಿಮೆ ಸಂಬಳದ ಚಾಲಕನಿಗೆ ಸಿಗುವುದಿಲ್ಲ. ಪಾಲಿಸಿಯಲ್ಲಿ ಚಾಲಕನಿಗೆ ಪರಿಹಾರ ಕೊಡುವ ಹೊಣೆಯ ಸಾಲು ಬೇರೆಯೇ ಇದೆಯೇ, ಇವತ್ತೇ ನೋಡಿಕೊಳ್ಳಿ.