ಹಾಸಿಗೆ ಹುಣ್ಣು: ಮುಟ್ಟಿ ನೋಡಿ, ಆಮೇಲೆ ಫೋಟೊ ತೆಗೆಯಿರಿ

ದಾವಣಗೆರೆ ಗುಂಪಿನ ಆರೈಕೆದಾರರೇ,

ಹರಿಹರದ ಅಜ್ಜಿಯೊಬ್ಬರ ಸೊಂಟದ ಕೆಳಗೆ ಕಲೆ ಕಂಡಿದೆಯೆಂದು ನಿನ್ನೆ ಫೋಟೊ ಬಂದಿತ್ತು. ಫೋಟೊ ಒಂದರಿಂದಲೇ ಹಂತ ತಿಳಿಯದು. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಬಣ್ಣ ತಿಳಿಯಾಗದೆ ಹಾಗೆಯೇ ಉಳಿದರೆ, ಚರ್ಮ ಒಡೆಯದಿದ್ದರೂ ಅದು ಮೊದಲ ಹಂತ. ನಮ್ಮ ಕಂದು ಚರ್ಮದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಆದ್ದರಿಂದ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿ. ಅಲ್ಲಿ ಎಣ್ಣೆ ಹಚ್ಚಿ ಉಜ್ಜಬೇಡಿ. ಆ ಭಾಗದ ಮೇಲೆ ಭಾರ ಬೀಳದಂತೆ ಮಗ್ಗುಲಾಗಿಸಿ.

ಮೇಲ್ಚರ್ಮ ಹೋಗಿದ್ದರೆ ಅಥವಾ ಗುಳ್ಳೆ ಎದ್ದಿದ್ದರೆ ಎರಡನೆಯದು. ಕೊಬ್ಬು ಕಂಡರೆ ಮೂರನೆಯದು, ಸ್ನಾಯು ಅಥವಾ ಮೂಳೆ ಕಂಡರೆ ನಾಲ್ಕನೆಯದು. ತಳವನ್ನು ಕಪ್ಪು ಪೊರೆ ಮುಚ್ಚಿದ್ದರೆ ಆಳ ಗೊತ್ತಾಗದು, ಅದನ್ನು ಕೀಳಬೇಡಿ.

ಗಾಯ ತೊಳೆದ ನಂತರ, ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ದಿನಾಂಕ ಬರೆದ ಚೀಟಿ ಇಟ್ಟು ತೆಗೆಯಿರಿ. ಒಂದು ಹತ್ತಿರದಿಂದ, ಇನ್ನೊಂದು ಜಾಗ ತಿಳಿಯುವಂತೆ ದೂರದಿಂದ. ಮುಖ ಬೇಡ. ಮನೆಯವರ ಒಪ್ಪಿಗೆ ಪಡೆದು ನರ್ಸ್‌ಗೆ ಮಾತ್ರ ಕಳುಹಿಸಿ, ಈ ಗುಂಪಿಗಲ್ಲ.

ಕೀವು, ದುರ್ವಾಸನೆ, ಜ್ವರ, ಹರಡುವ ಊತ, ನೇರಳೆ ಬಣ್ಣ, ಇದ್ದಕ್ಕಿದ್ದಂತೆ ಮಂಕಾಗುವುದು: ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಕರೆ ಮಾಡಿ ತಿಳಿಸಿ.