ಅನ್ನ ಬಿಡಬೇಡಿ, ಅದಲು ಬದಲು ಮಾಡಿ

ಎಲ್ಲರಿಗೂ ನಮಸ್ಕಾರ. ಶುಗರ್ ಇರುವವರ ಮಧ್ಯಾಹ್ನದ ಊಟದ ಬಗ್ಗೆ ಒಂದು ಮಾತು.

ರಾಗಿ ಒಳ್ಳೆಯದು ಅಂತ ದೊಡ್ಡ ಮುದ್ದೆ ತಿಂದು, ಮೇಲೆ ಅನ್ನವನ್ನೂ ಹಾಕಿಸಿಕೊಳ್ಳುತ್ತೇವೆ ಅಲ್ವಾ? ಅಲ್ಲೇ ಎಡವಟ್ಟು. ರಾಗಿಯಲ್ಲೂ ಪಿಷ್ಟ ಜಾಸ್ತಿಯೇ. 60 ಗ್ರಾಂ ಹಿಟ್ಟಿನ ಮುದ್ದೆ ಅಂದರೆ ಹೆಚ್ಚುಕಮ್ಮಿ ಎರಡು ಚಪಾತಿಗೆ ಸಮ. ಒಂದು ಚಪಾತಿಗೆ ಅರ್ಧ ಕಪ್ ಅನ್ನ ಸಮ. ಸಿರಿಧಾನ್ಯದ ಅನ್ನಕ್ಕೂ ಲೆಕ್ಕ ಇದೆ.

ಹಾಗಾಗಿ ಒಂದು ಚಪಾತಿ, ಅರ್ಧ ಕಪ್ ಅನ್ನ ಸಾಕು. ಮುದ್ದೆ ಮಾಡಿದ ದಿನ ಅವೆರಡೂ ಬೇಡ. ತಟ್ಟೆಯ ಅರ್ಧಕ್ಕೆ ಹುರುಳಿಕಾಯಿ ಪಲ್ಯ, ಸೌತೆಕಾಯಿ ಕೋಸಂಬರಿ ಬರಲಿ. ಆಲೂಗಡ್ಡೆ ಪಲ್ಯ ತರಕಾರಿ ಲೆಕ್ಕಕ್ಕೆ ಬರುವುದಿಲ್ಲ. ತಿಳಿಸಾರು ಸುಮ್ನೆ ರುಚಿಗೆ. ಹೊಟ್ಟೆ ತುಂಬಬೇಕಾದರೆ ಗಟ್ಟಿ ತೊವ್ವೆ ಒಂದು ಬಟ್ಟಲು ಬೇಕು. ಪಲ್ಯ, ತೊವ್ವೆ ಮೊದಲು ತಿನ್ನಿ, ಅನ್ನ ಕೊನೆಗೆ. ಒಗ್ಗರಣೆ, ಒಂದು ಚಮಚ ತುಪ್ಪ ಇರಲಿ, ಊಟ ಊಟದ ಹಾಗಿರಬೇಕಲ್ಲ!

ಮೊದಲ ತುತ್ತಿನಿಂದ ಎರಡು ಗಂಟೆಗೆ ಶುಗರ್ ನೋಡಿ. ಸಾಮಾನ್ಯವಾಗಿ 180ರ ಒಳಗಿರಬೇಕು. ದಾಟಿದರೆ ಮರುದಿನ ಅನ್ನ ಎರಡು ಚಮಚ ಇಳಿಸಿ, ತೊವ್ವೆ ಅಲ್ಲ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಅನ್ನ ಒಮ್ಮೆಲೇ ಕಡಿಮೆ ಮಾಡುವ ಮೊದಲು ಡಾಕ್ಟರಿಗೆ ಹೇಳಿ, ಶುಗರ್ ತೀರಾ ಇಳಿಯಬಹುದು. ಕಿಡ್ನಿ ತೊಂದರೆ ಇದ್ದರೆ ಬೇಳೆಯ ಅಳತೆಯನ್ನೂ ಅವರನ್ನೇ ಕೇಳಿ.