ಚೌತಿಯ ಸಾಮಾನಿನ ಬಗ್ಗೆ ಸುಮಾಳಿಗೆ

ಉಡುಪಿ

ಚಿರಂಜೀವಿ ಸೌಭಾಗ್ಯವತಿ ಸುಮಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮಂಗಳೂರಿನ ನಿಮ್ಮ ಹೊಸ ಮನೆಯಲ್ಲಿ ಈ ಸಲ ಚೌತಿಗೆ ಮಣ್ಣಿನ ಗಣಪತಿಯನ್ನು ಕೂರಿಸುವಿರೆಂದು ತಿಳಿದು ಸಂತೋಷವಾಯಿತು. ಹನ್ನೆರಡು ಜನರಿಗೆ ಏನೇನು ಎಷ್ಟು ತರಬೇಕೆಂದು ಕೇಳಿದ್ದೀಯಲ್ಲ, ಮೊದಲು ಒಂದು ವಿಷಯ ತಿಳಿದುಕೊ. ಪೂಜೆಯ ಸಾಮಾನು ಮನೆಯಲ್ಲಿ ನಾಲ್ಕು ಜನರಿದ್ದರೂ ಇಪ್ಪತ್ತು ಜನರಿದ್ದರೂ ಒಂದೇ. ಜನ ಹೆಚ್ಚಿದಂತೆ ಹೆಚ್ಚುವುದು ನೈವೇದ್ಯ ಮಾತ್ರ. ಇವೆರಡನ್ನೂ ಒಂದೇ ಚೀಟಿಯಲ್ಲಿ ಬರೆದವರು ಕರ್ಪೂರವನ್ನು ಬೇಕಾದದ್ದಕ್ಕಿಂತ ಹೆಚ್ಚು ತಂದು, ತೆಂಗಿನಕಾಯಿ ಸಾಲದೆ ಪೂಜೆಯ ಹೊತ್ತಿಗೆ ಅಂಗಡಿಗೆ ಓಡುತ್ತಾರೆ.

ಆದ್ದರಿಂದ ಒಂದು ಚೀಟಿಯಲ್ಲಿ ದೇವರಿಗೆ ಬೇಕಾದುದನ್ನು ಬರೆ. ಪೀಠಕ್ಕೂ ಕಲಶದ ತಟ್ಟೆಗೂ ಅಕ್ಷತೆಗೂ ಸೇರಿ ಒಂದು ಕಿಲೋ ಬೆಳ್ತಿಗೆ ಅಕ್ಕಿ, ವೀಳ್ಯದೆಲೆ ಇಪ್ಪತ್ತೈದು, ಅಡಿಕೆ ಹತ್ತು, ಜನಿವಾರ ಒಂದು, ಗೆಜ್ಜೆವಸ್ತ್ರ ಒಂದು, ದೀಪಕ್ಕೆ ಅರ್ಧ ಲೀಟರ್ ಎಳ್ಳೆಣ್ಣೆ, ಬತ್ತಿ, ಊದುಬತ್ತಿ, ಕರ್ಪೂರದ ಒಂದು ಸಣ್ಣ ಪೊಟ್ಟಣ, ಅರಿಶಿನ, ಕುಂಕುಮ, ಗಂಧ. ಇವನ್ನು ವಾರದ ಮೊದಲೇ ತಂದಿಡಬಹುದು. ಪಂಚಾಮೃತಕ್ಕೆ ಹಾಲು ನೂರು ಮಿಲಿ ಸಾಕು. ಮಣ್ಣಿನ ಮೂರ್ತಿಗೆ ಅಭಿಷೇಕ ಮಾಡಿದರೆ ಬಣ್ಣ ಬಿಟ್ಟು ಮಣ್ಣು ಕರಗುತ್ತದೆ, ಹಾಗಾಗಿ ಹೂವಿನಿಂದ ಪ್ರೋಕ್ಷಿಸಿದರೆ ಆಯಿತು.

ತೆಂಗಿನಕಾಯಿಯ ಲೆಕ್ಕವನ್ನು ಮಾತ್ರ ಕುಳಿತು ಮಾಡಬೇಕು. ಕಲಶಕ್ಕೆ ಒಂದು, ಒಡೆಯಲು ಎರಡು, ಕಡುಬಿನ ಹೂರಣಕ್ಕೆ ಎರಡು, ಪಂಚಕಜ್ಜಾಯಕ್ಕೆ ಒಂದು, ಉಳಿದ ಅಡುಗೆಗೆ ಮೂರು, ಒಟ್ಟು ಒಂಬತ್ತು. ಇದರ ಮೇಲೆ ಎರಡು ಹೆಚ್ಚಿಗೆ ಇರಲಿ, ಏಕೆಂದರೆ ದೇವರ ಮುಂದೆ ಒಡೆದ ಕಾಯಿ ಕೆಟ್ಟಿದ್ದರೆ ಆಗ ಕೈಗೆ ಇನ್ನೊಂದು ಸಿಗಬೇಕು. ನಾಲ್ಕೇ ಜನರಾದರೆ ಒಟ್ಟು ಎಂಟು ಸಾಕು. ಕಾಯಿ ಆರಿಸುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸು, ನೀರು ಚೆನ್ನಾಗಿ ಕುಲುಕಬೇಕು. ಆಮೇಲೆ ಜುಟ್ಟನ್ನು ಸ್ವಲ್ಪ ಸರಿಸಿ ಕಣ್ಣುಗಳನ್ನು ನೋಡು. ಅಲ್ಲಿ ಪಸೆಯೋ ಬೂಸ್ಟೋ ಕಂಡರೆ ಆ ಕಾಯಿ ಬೇಡ. ಭಾದ್ರಪದದ ಮಳೆಯಲ್ಲಿ ಹೀಗೆ ಒಳಗೊಳಗೇ ಕೆಡುವ ಕಾಯಿಗಳು ಬಹಳ.

ಪಂಚಕಜ್ಜಾಯಕ್ಕೆ ಹನ್ನೆರಡು ಜನರಿಗೆ ಕಡಲೆಬೇಳೆ ಕಾಲು ಕಿಲೋ, ಬೆಲ್ಲವೂ ಕಾಲು ಕಿಲೋ, ಒಂದು ಕಾಯಿಯ ತುರಿ, ಎರಡು ದೊಡ್ಡ ಚಮಚ ಹುರಿದ ಎಳ್ಳು, ನಾಲ್ಕು ಏಲಕ್ಕಿ, ಎರಡು ಚಮಚ ತುಪ್ಪ. ನಾಲ್ಕು ಜನರಿಗೆ ಬೇಳೆ, ಬೆಲ್ಲ ನೂರು ನೂರು ಗ್ರಾಂ. ಇಪ್ಪತ್ತೈದು ಜನರಾದರೆ ಅರ್ಧರ್ಧ ಕಿಲೋ. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲವಾದ್ದರಿಂದ ಅಳತೆಯನ್ನೇ ನಂಬಬೇಕು. ಹಾಗಾಗಿ ಬೆಲ್ಲವನ್ನು ಅಂಗಡಿಯಲ್ಲೇ ಒಂದು ಚೂರು ಬಾಯಿಗೆ ಹಾಕಿ ನೋಡಿ ತಾ. ಉಪ್ಪುಪ್ಪಾದ ಬೆಲ್ಲ ಸಿಕ್ಕಿದರೆ ಇಡೀ ಪಂಚಕಜ್ಜಾಯ ಕೆಡುತ್ತದೆ. ಒಂದು ವರ್ಷ ನಾನು ಬೆಳಿಗ್ಗೆ ಕೆಲಸ ಕಡಿಮೆಯಾಗಲೆಂದು ಹಿಂದಿನ ರಾತ್ರಿಯೇ ಕಾಯಿತುರಿ ಬೆರೆಸಿಟ್ಟಿದ್ದೆ. ಮಧ್ಯಾಹ್ನ ಮಂಗಳಾರತಿಯಾಗಿ ಪಾತ್ರೆಯ ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂತು, ಬಂದವರ ಕೈಗೆ ಬರಿಯ ಬಾಳೆಹಣ್ಣು ಕೊಡಬೇಕಾಯಿತು. ಬೇಳೆಯನ್ನು ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ ಹಿಂದಿನ ದಿನ ಡಬ್ಬಿಯಲ್ಲಿ ಇಡಬಹುದು. ಕಾಯಿಯನ್ನು ಮಾತ್ರ ಅಂದೇ ತುರಿದು, ಪೂಜೆಗೆ ಅರ್ಧ ಗಂಟೆ ಮೊದಲು ಬೆರೆಸು. ಬಿಸಿ ಪುಡಿಗೆ ಬೆಲ್ಲ ಸೇರಿದರೆ ಅದು ಕರಗಿ ಗಂಟು ಕಟ್ಟುತ್ತದೆ.

ಕಡುಬು ಇಪ್ಪತ್ತೊಂದು ಮಾಡಿದರೆ ನಿಮ್ಮ ಹನ್ನೆರಡು ಜನರಿಗೆ ಪ್ರಸಾದಕ್ಕೂ ಅದೇ ಸಾಕು. ಬಾಳೆಹಣ್ಣು ಎರಡು ಚಿಪ್ಪು ಬೇಕು. ಮೂರು ದಿನ ಮೊದಲು ದೋರೆಗಾಯಿ ತಂದರೆ ಚೌತಿಯ ದಿನಕ್ಕೆ ಸರಿಯಾಗಿ ಹಣ್ಣಾಗುತ್ತದೆ. ಕಬ್ಬು ಎರಡು ಜಲ್ಲೆ, ಹಿಂದಿನ ದಿನ ತಂದರೆ ಸಾಕು.

ಹೊಸತಾಗಿಯೇ ಇರಬೇಕಾದದ್ದು ಹೂವು, ಗರಿಕೆ ಮತ್ತು ಹಾಲು. ಶಂಕರಪುರ ಮಲ್ಲಿಗೆ ಮಳೆಗಾಲದಲ್ಲಿ ಕಡಿಮೆ, ಚೌತಿಗೆ ದರವೂ ಏರುತ್ತದೆ. ಒಂದು ಅಟ್ಟೆಯೆಂದರೆ ನಾಲ್ಕು ಚೆಂಡು, ಮನೆಯ ಪೂಜೆಗೆ ಒಂದು ಚೆಂಡು ಬೇಕಾದಷ್ಟಾಯಿತು. ಹೂವಿನವರಿಗೆ ಎರಡು ದಿನ ಮೊದಲೇ ಹೇಳಿಡು. ತಂದ ಮೇಲೆ ನೀರು ಚಿಮುಕಿಸಬೇಡ, ಮೊಗ್ಗು ಕಪ್ಪಾಗುತ್ತದೆ. ಬಾಳೆಲೆಯಲ್ಲಿ ಸುತ್ತಿ ತಂಪಾದ ಕಡೆ ಇಡು. ಅಲಂಕಾರಕ್ಕೆ ಘಟ್ಟದ ಮೇಲಿನಿಂದ ಬರುವ ಸೇವಂತಿಗೆ ಎರಡು ಮಾರು ಸಾಕು. ಗರಿಕೆಯನ್ನು ರಸ್ತೆಯ ಬದಿಯಿಂದ ಕೀಳಬೇಡ. ಅಂಗಳ ಇರುವವರಲ್ಲಿ ಕೇಳಿ ಎಳೆಯ ಕುಡಿಗಳನ್ನೇ ಇಪ್ಪತ್ತೊಂದು ಆರಿಸಿ, ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿಡು. ಅಷ್ಟೋತ್ತರಕ್ಕೆ ಗರಿಕೆಯಲ್ಲೇ ಅರ್ಚನೆ ಮಾಡುವುದಾದರೆ ನೂರೆಂಟು ಬೇಕು. ನಿನಗೆ ಅಲ್ಲಿ ಸಿಗದಿದ್ದರೆ ಫೋನ್ ಮಾಡು, ನಮ್ಮ ಬಾವಿಕಟ್ಟೆಯ ಹತ್ತಿರ ಬೆಳೆದದ್ದನ್ನು ನಿನ್ನ ದೊಡ್ಡಪ್ಪ ಹಿಂದಿನ ದಿನ ಸಂಜೆ ತಂದು ಕೊಡುತ್ತಾರೆ.

ಇಂತಿ ನಿನ್ನ ದೊಡ್ಡಮ್ಮ